ಪಿಎಚ್ ಲೆಕ್ಕ: ಮೊದಲು ಮೋಲ್ ಎಣಿಸಿ, ಲಾಗ್ ಆಮೇಲೆ

ಕೋಲಾರದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಆರು ಮಕ್ಕಳು ಕೂತು ಕೆಮಿಸ್ಟ್ರಿ ಲೆಕ್ಕ ಮಾಡುತ್ತಾರೆ. ಎಲ್ಲರೂ ಮೊದಲ ಪಿಯುಸಿ. ಹತ್ತನೇ ತರಗತಿಯಲ್ಲಿ ಪಿಎಚ್ ಅಂದರೆ 0ಯಿಂದ 14ರವರೆಗಿನ ಬಣ್ಣದ ಪಟ್ಟಿ, ಅಷ್ಟೇ. ಪಿಯುಸಿಗೆ ಬಂದ ಮೇಲೆ ಅದೇ ಪಟ್ಟಿಯ ಹಿಂದಿನಿಂದ ಲಾಗ್ ಟೇಬಲ್ ಎದ್ದು ಬರುತ್ತದೆ. ಹೋದ ವಾರ ಅವರ ವರ್ಕ್‌ಶೀಟಿನಲ್ಲಿ ಈ ಪ್ರಶ್ನೆ ಇತ್ತು:

0.10 M ಹೈಡ್ರೋಕ್ಲೋರಿಕ್ ಆಸಿಡ್ 25 ಮಿಲೀ ತೆಗೆದುಕೊಂಡು, ಅದಕ್ಕೆ 0.10 M ಸೋಡಿಯಂ ಹೈಡ್ರಾಕ್ಸೈಡ್ 20 ಮಿಲೀ ಬೆರೆಸಿದೆ. ಈಗ ಪಿಎಚ್ ಎಷ್ಟು?

ಆರು ನೋಟ್‌ಬುಕ್ಕಿನಲ್ಲಿ ಆರು ಉತ್ತರ. 7, 1.00, 1.70, 3.30, 2.05, 1.95. ಸರಿಯಾದದ್ದು ಒಂದೇ. ಉಳಿದ ಐದೂ ಸುಮ್ನೆ ಬರೆದ ಅಂಕಿಗಳಲ್ಲ. ಒಂದೊಂದರ ಹಿಂದೆಯೂ ಒಂದು ಯೋಚನೆ ಇದೆ, ಆ ಯೋಚನೆ ಒಂದು ಕಡೆ ಜಾರಿದೆ. ಎಲ್ಲಿ ಜಾರಿತು ಎಂದು ಉತ್ತರ ನೋಡಿಯೇ ಹೇಳಬಹುದು. ಈ ಲೆಕ್ಕವನ್ನು ಬುಡದಿಂದ ಮಾಡಿ, ಆಮೇಲೆ ಆ ಐದು ಉತ್ತರಗಳಿಗೆ ಬರೋಣ. ಪಠ್ಯಪುಸ್ತಕ ಆಮ್ಲ, ಪ್ರತ್ಯಾಮ್ಲ ಅನ್ನುತ್ತದೆ. ಕ್ಲಾಸಿನಲ್ಲಿ ಎಲ್ಲರೂ ಆಸಿಡ್, ಬೇಸ್ ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಪಿಎಚ್ ಒಂದು ಪದಾರ್ಥ ಅಲ್ಲ

ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ಬೀಕರಿನಲ್ಲಿ ಇರುವುದು ಹೈಡ್ರೋಜನ್ ಅಯಾನುಗಳು. ಪಿಎಚ್ ಎನ್ನುವುದು ಅವುಗಳ ಸಾರತೆಯನ್ನು ಬರೆಯುವ ಒಂದು ಕ್ರಮ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಇದನ್ನು ತಂದರು. 0.01, 0.0001 ಎಂದು ಸೊನ್ನೆ ಎಣಿಸುತ್ತಾ ಕೂರುವ ಬದಲು 2, 4 ಎಂದು ಬರೆಯುವುದು ಸುಲಭ ಅಲ್ವಾ?

```
pH = -log[H+]
pOH = -log[OH-]
pH + pOH = 14   (25 °C)
```

ಒಂದು ಅಂಕಿ ಹೆಚ್ಚಿದರೆ ಸಾರತೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಪಿಎಚ್ ಅಂಕಿಗಳನ್ನು ಕೂಡುವುದು, ಕಳೆಯುವುದು, ಸರಾಸರಿ ತೆಗೆಯುವುದು ಯಾವುದೂ ನಡೆಯುವುದಿಲ್ಲ. ಪಿಎಚ್ 2 ಇರುವ ಆಸಿಡ್ ಒಂದು ಲೋಟ, ಪಿಎಚ್ 4 ಇರುವ ಅದೇ ಆಸಿಡ್ ಒಂದು ಲೋಟ ಬೆರೆಸಿದರೆ 3 ಬರುವುದಿಲ್ಲ. ಮೊದಲನೆಯದರಲ್ಲಿ ಎರಡನೆಯದಕ್ಕಿಂತ ನೂರು ಪಟ್ಟು ಆಸಿಡ್ ಇದೆ. ಎರಡನೇ ಲೋಟ ಹೆಚ್ಚು ಕಡಿಮೆ ನೀರು ಇದ್ದ ಹಾಗೆ. ಮೊದಲನೆಯದರ ಸಾರತೆ ಅರ್ಧವಾಗುತ್ತದೆ, ಪಿಎಚ್ 2.30 ಆಗುತ್ತದೆ.

ಲೆಕ್ಕದ ದಾರಿ ಯಾವಾಗಲೂ ಒಂದೇ. ಪಿಎಚ್ ಕೊಟ್ಟಿದ್ದರೆ ಸಾರತೆಗೆ ಇಳಿಯಿರಿ. ಸಾರತೆಯಿಂದ ಮೋಲ್‌ಗೆ ಇಳಿಯಿರಿ. ಕೂಡುವುದು, ಕಳೆಯುವುದು ಏನಿದ್ದರೂ ಅಲ್ಲೇ ಮಾಡಿ. ಮತ್ತೆ ಸಾರತೆಗೆ ಹತ್ತಿ, ಕೊನೆಗೆ ಒಂದೇ ಒಂದು ಸಲ ಲಾಗ್ ಹಾಕಿ.

ಮೋಲ್ ಅಂದರೆ ತೀರ ಸಣ್ಣ ದಶಮಾಂಶಗಳು ಬರುತ್ತವೆ, ಸೊನ್ನೆ ತಪ್ಪುತ್ತದೆ. ಅದಕ್ಕೆ ನಾನು ಮಿಲಿಮೋಲ್ ಹಿಡಿಯಲು ಹೇಳುತ್ತೇನೆ. ಮೊಲಾರಿಟಿಯನ್ನು ಮಿಲಿಲೀಟರಿನಿಂದ ಗುಣಿಸಿದರೆ ಸಿಗುವುದು ಮಿಲಿಮೋಲ್. ಮಿಲಿಮೋಲನ್ನು ಮಿಲಿಲೀಟರಿನಿಂದ ಭಾಗಿಸಿದರೆ ಮತ್ತೆ ಮೊಲಾರಿಟಿ. ಸಾವಿರದಿಂದ ಗುಣಿಸುವ, ಭಾಗಿಸುವ ಕೆಲಸವೇ ಇರುವುದಿಲ್ಲ.

ನೀರು ಸೇರಿಸಿದಾಗ

ಹುಣಸೆಹಣ್ಣು ಕಿವುಚಿದ ರಸಕ್ಕೆ ಇನ್ನೊಂದು ಚೊಂಬು ನೀರು ಹಾಕಿದರೆ ಹುಳಿ ಕಡಿಮೆಯಾಗುತ್ತದೆ. ಪಾತ್ರೆಯಲ್ಲಿರುವ ಹುಣಸೆ ಮಾತ್ರ ಅಷ್ಟೇ ಇದೆ. ಆಸಿಡಿಗೆ ನೀರು ಸೇರಿಸುವ ಲೆಕ್ಕವೂ ಇಷ್ಟೇ: ಮಿಲಿಮೋಲ್ ಬದಲಾಗುವುದಿಲ್ಲ, ಒಟ್ಟು ಅಳತೆ ಬದಲಾಗುತ್ತದೆ.

ಪಿಎಚ್ 2 ಇರುವ ಹೈಡ್ರೋಕ್ಲೋರಿಕ್ ಆಸಿಡ್ 10 ಮಿಲೀ ಇದೆ ಅನ್ನಿ. ಪಿಎಚ್ 2 ಅಂದರೆ 0.01 M. ಹತ್ತು ಮಿಲೀಯಲ್ಲಿ 0.1 ಮಿಲಿಮೋಲ್. ಇದನ್ನು 100 ಮಿಲೀ ಆಗುವವರೆಗೆ ನೀರು ಹಾಕಿ ತೆಳು ಮಾಡಿದರೆ 0.1 ಭಾಗಿಸು 100, ಅಂದರೆ 0.001 M. ಪಿಎಚ್ 3.

ಇಲ್ಲಿ ಪ್ರಶ್ನೆಯ ಮಾತನ್ನು ಗಮನವಿಟ್ಟು ಓದಬೇಕು. 100 ಮಿಲೀ "ಆಗುವವರೆಗೆ" ಅನ್ನುವುದು ಬೇರೆ, 100 ಮಿಲೀ ನೀರು "ಸೇರಿಸಿ" ಅನ್ನುವುದು ಬೇರೆ. ಎರಡನೆಯದರಲ್ಲಿ ಒಟ್ಟು 110 ಮಿಲೀ ಆಗುತ್ತದೆ, ಪಿಎಚ್ 3.04. ವ್ಯತ್ಯಾಸ ಚಿಕ್ಕದು. ಆದರೆ ಪ್ರಶ್ನೆ ಕೊಟ್ಟವರು ಎರಡು ದಶಮಾಂಶ ಕೇಳಿದ್ದರೆ ಅವರಿಗೆ ಬೇಕಾಗಿರುವುದು ಈ ವ್ಯತ್ಯಾಸವೇ.

ಇನ್ನೊಂದು ಮಾತು. ಪಿಎಚ್ 6 ಇರುವ ಆಸಿಡನ್ನು ನೂರು ಪಟ್ಟು ತೆಳು ಮಾಡಿದರೆ ಎಷ್ಟು ಎಂದು ಕೇಳಿ ನೋಡಿ, ಅರ್ಧ ಕ್ಲಾಸು 8 ಅನ್ನುತ್ತದೆ. ಎಷ್ಟೇ ನೀರು ಹಾಕಿದರೂ ಆಸಿಡ್ ಬೇಸ್ ಆಗುವುದಿಲ್ಲ. ಅಷ್ಟು ತೆಳುವಾದಾಗ ನೀರಿನದೇ ಹೈಡ್ರೋಜನ್ ಅಯಾನುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಆಗ ಬರುವ ಉತ್ತರ 6.98. ನಾನು ಹೇಳಿಕೊಡುವ ಗಡಿ ಇದು: ಆಸಿಡಿನ ಸಾರತೆ ಹತ್ತು ಲಕ್ಷದಲ್ಲಿ ಒಂದು ಮೊಲಾರ್‌ಗಿಂತ ಕೆಳಗೆ ಹೋದರೆ ನೀರನ್ನು ಮರೆಯಬೇಡಿ.

ಈಗ ಆ ಪ್ರಶ್ನೆ

ಆಸಿಡ್ 25 ಮಿಲೀ, 0.10 M. ಬೇಸ್ 20 ಮಿಲೀ, 0.10 M. ಹೈಡ್ರೋಕ್ಲೋರಿಕ್ ಆಸಿಡಿನ ಒಂದು ಮೋಲ್ ಸೋಡಿಯಂ ಹೈಡ್ರಾಕ್ಸೈಡಿನ ಒಂದು ಮೋಲನ್ನು ತಿನ್ನುತ್ತದೆ.

```
HCl  : 0.10 × 25 = 2.5 mmol
NaOH : 0.10 × 20 = 2.0 mmol
ಉಳಿದ H+ : 2.5 - 2.0 = 0.5 mmol
ಒಟ್ಟು : 25 + 20 = 45 mL
[H+] = 0.5 / 45 = 0.0111 M
pH = 1.95
```

ಕೊನೆಯ ಸಾಲಿಗೆ ಹೋಗುವ ಮುಂಚೆ ಒಂದು ಕ್ಷಣ ನಿಲ್ಲಿ. ಲಾಗ್ ಟೇಬಲ್ ತೆರೆಯುವ ಮೊದಲೇ ಉತ್ತರ ಯಾವ ಎರಡು ಅಂಕಿಗಳ ನಡುವೆ ಬರಬೇಕು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. 0.0111 ಎನ್ನುವುದು 0.1ಕ್ಕಿಂತ ಕಡಿಮೆ, 0.01ಕ್ಕಿಂತ ಜಾಸ್ತಿ. ಹಾಗಾದರೆ ಪಿಎಚ್ 1 ಮತ್ತು 2ರ ನಡುವೆ. 0.01ಕ್ಕೆ ತೀರ ಹತ್ತಿರ ಇರುವುದರಿಂದ 2ಕ್ಕೆ ತೀರ ಹತ್ತಿರ, ಆದರೆ 2 ದಾಟಬಾರದು. ಈ ಒಂದು ಸಾಲು ಬರೆಯಲು ಹತ್ತು ಸೆಕೆಂಡು ಸಾಕು. ಅದು ಯಾರನ್ನು ಉಳಿಸುತ್ತದೆ ಎಂದು ಈಗ ನೋಡೋಣ.

ಐದು ತಪ್ಪು ಉತ್ತರಗಳು

7 ಬರೆದ ಹುಡುಗಿಯನ್ನು ಕೇಳಿದೆ. "ಮೇಡಂ, ಆಸಿಡಿನ ಪಿಎಚ್ 1, ಬೇಸಿಂದು 13. ಎರಡೂ ಸೇರಿದರೆ ಮಧ್ಯ 7 ಅಲ್ವಾ?" ಅಂದಳು. ಆಸಿಡ್ ಮತ್ತು ಬೇಸ್ ಸೇರಿದರೆ ತಟಸ್ಥ ಎಂದು ಹತ್ತನೇ ತರಗತಿಯಲ್ಲಿ ಕಲಿತದ್ದು ಮನಸ್ಸಿನಲ್ಲಿ ಹಾಗೇ ಕೂತಿದೆ. ಆದರೆ ಎರಡೂ ಸರಿಸಮ ಮೋಲ್ ಇದ್ದಾಗ ಮಾತ್ರ ಅದು ನಿಜ. ಇಲ್ಲಿ ಬೇಸ್ 5 ಮಿಲೀ ಕಡಿಮೆ ಬಿದ್ದಿದೆ.

1.00 ಬರೆದವನು ಆ 5 ಮಿಲೀಯನ್ನು ಸರಿಯಾಗಿಯೇ ಕಂಡಿದ್ದ. 20 ಮಿಲೀ ಆಸಿಡ್ ಮುಗಿಯಿತು, 5 ಮಿಲೀ ಉಳಿಯಿತು, ಅದು 0.10 M, ಆದ್ದರಿಂದ ಪಿಎಚ್ 1 ಎಂದ. ಉಳಿದ ಆಸಿಡ್ ಆ 5 ಮಿಲೀಯಲ್ಲೇ ಒಂದು ಮೂಲೆಯಲ್ಲಿ ಕೂತಿರುತ್ತದೆ ಎಂದುಕೊಂಡ ಹಾಗಾಯಿತು. ಅದು ಬೀಕರಿನ ಪೂರ್ತಿ 45 ಮಿಲೀಗೆ ಹರಡಿಕೊಂಡಿದೆ.

1.70 ಬಂದಿದ್ದರೆ ನೀವು 0.5ನ್ನು 25ರಿಂದ ಭಾಗಿಸಿದ್ದೀರಿ. ಆಸಿಡಿನ ಮೊದಲಿನ ಅಳತೆ ತೆಗೆದುಕೊಂಡು, ಬೇಸಿನ ಜೊತೆ ಬಂದ 20 ಮಿಲೀ ನೀರನ್ನು ಮರೆತಿದ್ದೀರಿ. ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ಮಕ್ಕಳು ಜಾರುವುದು ಇಲ್ಲೇ. ಅದೂ ಅಲ್ಲದೆ ಇದು 1 ಮತ್ತು 2ರ ನಡುವೆಯೇ ಬರುವುದರಿಂದ ಅಂಚಿನ ಸಾಲಿನಿಂದ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ತಟಸ್ಥೀಕರಣದ ಲೆಕ್ಕದಲ್ಲಿ ಯಾವಾಗಲೂ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಆಸಿಡ್ ಕಡಿಮೆಯಾಗುತ್ತದೆ, ಉಳಿದದ್ದು ತೆಳುವೂ ಆಗುತ್ತದೆ. ಒಟ್ಟು ಅಳತೆಗೆ ಬೇರೆ ಸಾಲು ಇಟ್ಟು ಬರೆಯಿರಿ. ತಲೆಯಲ್ಲೇ ಕೂಡಿಕೊಂಡು ಹೋದರೆ ಈ ತಪ್ಪು ಮರಳಿ ಬರುತ್ತದೆ.

3.30 ಬಂದರೆ ನೀವು ಭಾಗಿಸಲೇ ಇಲ್ಲ. 0.5 ಮಿಲಿಮೋಲ್ ಅಂದರೆ 0.0005 ಮೋಲ್, ಅದಕ್ಕೇ ನೇರ ಲಾಗ್ ಹಾಕಿಬಿಟ್ಟಿದ್ದೀರಿ. ಲಾಗ್ ಹಾಕುವುದು ಮೊಲಾರಿಟಿಗೆ, ಮೋಲ್‌ಗೆ ಅಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಮಾನ ಬರೆದರೆ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ.

2.05 ಬರೆದ ಹುಡುಗನ ರಸಾಯನ ಪೂರ್ತಿ ಸರಿ ಇತ್ತು. 0.0111 M ತನಕ ಒಂದು ತಪ್ಪೂ ಇಲ್ಲ. ನಮ್ಮ ಪಿಯು ಪರೀಕ್ಷೆಗೆ ಲಾಗ್ ಟೇಬಲ್ಲೇ ಗತಿ. ಅವನು ಟೇಬಲ್ ನೋಡಿ, ಎರಡರ ಮೇಲೆ ಬಾರ್ ಹಾಕಿ, ಮುಂದೆ .0453 ಬರೆದ. ಅದೂ ಸರಿ. ಆಮೇಲೆ ಬಾರನ್ನು ಪೂರ್ತಿ ಸಂಖ್ಯೆಯ ಮೈನಸ್ ಎಂದು ಓದಿ, ಚಿಹ್ನೆ ತಿರುಗಿಸಿ 2.05 ಅಂದ. ಬಾರ್ ಇರುವುದು ಎರಡರ ಮೇಲೆ ಮಾತ್ರ. ದಶಮಾಂಶದ ಭಾಗ ಯಾವಾಗಲೂ ಪ್ಲಸ್.

```
log 0.0111 = -2 + 0.0453 = -1.9547
pH = 1.95
```

ಅಂಚಿನ ಸಾಲು ಉಳಿಸುವುದು ಇವನನ್ನು. ಪಿಎಚ್ 2 ದಾಟಬಾರದು ಎಂದು ಮೊದಲೇ ಬರೆದಿದ್ದರೆ 2.05 ಕಂಡ ಕೂಡಲೇ ಕೈ ನಿಲ್ಲುತ್ತಿತ್ತು.

ಇನ್ನೂ ಸ್ವಲ್ಪ ಬೇಸ್ ಹಾಕಿದರೆ

ಅದೇ 25 ಮಿಲೀ ಆಸಿಡಿಗೆ ಬೇಸ್ ಹಾಕುತ್ತಾ ಹೋಗಿ. ಪ್ರತಿ ಸಲವೂ ಅದೇ ಲೆಕ್ಕ: ಕಳೆ, ಒಟ್ಟು ಅಳತೆಯಿಂದ ಭಾಗಿಸು, ಲಾಗ್ ಹಾಕು. 25 ದಾಟಿದ ಮೇಲೆ ಉಳಿಯುವುದು ಬೇಸ್. ಆಗ ಸಿಗುವುದು pOH. ಅದನ್ನು 14ರಿಂದ ಕಳೆಯಬೇಕು. ಇದನ್ನು ಮರೆತವರ ಉತ್ತರ 2ರ ಹತ್ತಿರ ಬರುತ್ತದೆ. ಬೇಸ್ ಜಾಸ್ತಿ ಇರುವ ಬೀಕರಿನಲ್ಲಿ 2 ಹೇಗೆ ಬರಲು ಸಾಧ್ಯ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

```
NaOH (mL)    pH
 0           1.00
20           1.95
24           2.69
24.95        4.00
25.00        7.00
25.05       10.00
30          11.96
```

ಈ ಪಟ್ಟಿಯನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ, ಏಕೆಂದರೆ ಮಾಡಿದಾಗ ಅವರ ಮುಖ ನೋಡಬೇಕು. ಮೊದಲ 24 ಮಿಲೀ ಸುರಿದರೂ ಪಿಎಚ್ ಎರಡಂಕಿಯಷ್ಟೂ ಏರಲಿಲ್ಲ. ಆಮೇಲೆ 24.95ರಿಂದ 25.05ಕ್ಕೆ ಬರುವಷ್ಟರಲ್ಲಿ 4ರಿಂದ 10ಕ್ಕೆ ಹಾರಿತು. ಬ್ಯೂರೆಟ್ಟಿನ ಒಂದು ಹನಿ ಸುಮಾರು 0.05 ಮಿಲೀ. ಅಂದರೆ ಎರಡೇ ಹನಿ! ಲ್ಯಾಬಿನಲ್ಲಿ ಫಿನಾಲ್ಫ್ಥಲೀನ್ ಹಾಕಿದ ಫ್ಲಾಸ್ಕು ಅಷ್ಟು ಹೊತ್ತು ಬಣ್ಣವಿಲ್ಲದೆ ಇದ್ದು, ಒಂದೇ ಹನಿಗೆ ಗುಲಾಬಿ ಆಗುವುದು ಇದಕ್ಕೇ. ಆ ಬಣ್ಣ ಬದಲಾಗುವುದು 8.2ರಿಂದ 10ರ ನಡುವೆ. ಹಾರುವ ಆ ಒಂದು ಹನಿಯೊಳಗೆ ಅದೂ ಸೇರಿಬಿಡುತ್ತದೆ. ಸೂಚಕದ ಬಣ್ಣ ಸರಿಯಾಗಿ 7ರಲ್ಲಿ ಬದಲಾಗಬೇಕಿಲ್ಲ.

ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದೂ ಇದೇ ಜಾತಿಯ ಸೂಚನೆ. ಆದರೆ ಅರಿಶಿನ ಹಳದಿಯಾಗೇ ಉಳಿದರೆ ಅದು ಆಸಿಡೋ, ನೀರೋ ಎಂದು ಹೇಳಲಾಗುವುದಿಲ್ಲ. ಬೇಸ್ ಬಂತು ಎನ್ನುವುದನ್ನು ಮಾತ್ರ ಅದು ಹೇಳುತ್ತದೆ.

ಪಿಎಚ್ ನೋಡಿ ಎಷ್ಟು ಬೇಸ್ ಬೇಕು ಎಂದು ಹೇಳಬೇಡಿ

ವರ್ಕ್‌ಶೀಟಿನ ಕೊನೆಯ ಪ್ರಶ್ನೆ ವಿನೆಗರಿನದು. ಅದರಲ್ಲಿರುವ ಅಸಿಟಿಕ್ ಆಸಿಡ್ ದುರ್ಬಲ ಆಸಿಡ್. 0.10 M ಇದ್ದರೂ ಅದರ ಪಿಎಚ್ 1 ಅಲ್ಲ, 2.87. ನೂರು ಅಣುಗಳಲ್ಲಿ ಸುಮಾರು ಒಂದು ಮಾತ್ರ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟಿರುತ್ತದೆ. ಹಾಗಾದರೆ 25 ಮಿಲೀ ತಟಸ್ಥ ಮಾಡಲು 0.10 M ಬೇಸ್ ಎಷ್ಟು ಬೇಕು? ಪಿಎಚ್ ನಂಬಿಕೊಂಡು ಲೆಕ್ಕ ಹಾಕಿದರೆ 0.34 ಮಿಲೀ ಬರುತ್ತದೆ, ಏಳು ಹನಿ. ನಿಜವಾಗಿ ಬೇಕಾಗುವುದು ಪೂರ್ತಿ 25 ಮಿಲೀ. ಹೊರಗಿದ್ದ ಅಯಾನುಗಳನ್ನು ಬೇಸ್ ತಿಂದ ಹಾಗೆಲ್ಲ ಒಳಗಿರುವ ಅಣುಗಳು ಇನ್ನಷ್ಟು ಬಿಡುತ್ತಾ ಹೋಗುತ್ತವೆ. ಪಿಎಚ್ ಹೇಳುವುದು ಈ ಗಳಿಗೆಯಲ್ಲಿ ಹೊರಗಿರುವುದನ್ನು ಮಾತ್ರ. ಮೋಲ್ ಹೇಳುವುದು ಒಟ್ಟು ಇರುವುದನ್ನು. 25 ಮಿಲೀ ಹಾಕಿ ಮುಗಿಸಿದಾಗಲೂ ಪಿಎಚ್ 7 ಆಗಿರುವುದಿಲ್ಲ, ಸುಮಾರು 8.7 ಇರುತ್ತದೆ, ಏಕೆಂದರೆ ಉಳಿದ ಅಸಿಟೇಟ್ ತಾನೇ ಒಂದು ಸಣ್ಣ ಬೇಸ್.

ಸಲ್ಫ್ಯೂರಿಕ್ ಆಸಿಡ್ ಬಂದರೆ ಮೋಲ್ ಎಣಿಸುವಾಗಲೇ ಎರಡರಿಂದ ಗುಣಿಸಿ. 0.10 M ಇರುವ 25 ಮಿಲೀಗೆ ಅದೇ ಬೇಸ್ 50 ಮಿಲೀ ಬೇಕು. ಸುಣ್ಣದ ತಿಳಿನೀರಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೂ ಹಾಗೇ, ಒಂದು ಮೋಲಿಗೆ ಎರಡು ಹೈಡ್ರಾಕ್ಸೈಡ್.

ಲೆಕ್ಕ ಸರಿ ಇದ್ದೂ ಪೇಪರ್ 7 ತೋರಿಸಿದಾಗ

ಕೆಲವು ವರ್ಷದ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್ ಖಾಲಿಯಾಗಿತ್ತು. ಕಾಯುವುದು ಯಾಕೆ ಎಂದು ನಲ್ಲಿ ನೀರಲ್ಲೇ ಮಾಡಿಸಿದೆ. ಮೇಲಿನದೇ ಪ್ರಯೋಗ: 0.01 M ಹೈಡ್ರೋಕ್ಲೋರಿಕ್ ಆಸಿಡ್ 10 ಮಿಲೀ, ನೀರು ಹಾಕಿ 100 ಮಿಲೀ. ಲೆಕ್ಕದಲ್ಲಿ 3. ಪಿಎಚ್ ಪೇಪರ್ ಅದ್ದಿದರೆ ಹಸಿರು, 7ರ ಹತ್ತಿರ. ಒಬ್ಬರಲ್ಲ, ಎಲ್ಲಾ ಬ್ಯಾಚಿನಲ್ಲೂ. ಮಕ್ಕಳು ತಮ್ಮ ಲೆಕ್ಕವೇ ತಪ್ಪು ಎಂದು ಅಳಿಸಲು ಶುರುಮಾಡಿದರು. ನಾನು ಅಳಿಸಬೇಡಿ ಎಂದೆ, ಆದರೆ ಕಾರಣ ಹೊಳೆದದ್ದು ಸಂಜೆ ಮನೆಗೆ ಬಂದು ಬಿಳಿ ಪದರ ಕಟ್ಟಿದ ಬಿಸಿನೀರಿನ ಹಂಡೆ ನೋಡಿದಾಗ.

ಆ ನಲ್ಲಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು. ಅದರಲ್ಲಿ ಬೈಕಾರ್ಬನೇಟ್ ಕರಗಿರುತ್ತದೆ, ಅದು ಆಸಿಡನ್ನು ತಿನ್ನುತ್ತದೆ. ನೀರಿನ ರಿಪೋರ್ಟಿನಲ್ಲಿ ಇದನ್ನು ಒಟ್ಟು ಕ್ಷಾರತೆ ಎಂದು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಬರೆಯುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ IS 10500 ಇದಕ್ಕೆ ಲೀಟರಿಗೆ 200 ಮಿಗ್ರಾಂ ಮಿತಿ ಇಟ್ಟಿದೆ, ಬೇರೆ ನೀರು ಸಿಗದ ಕಡೆ 600ರವರೆಗೆ ಬಿಡುತ್ತದೆ. ನಡುವೆ 300 ಎಂದು ಹಿಡಿದು ಲೆಕ್ಕ ಹಾಕಿ ನೋಡಿ. ನೂರು ಮಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎರಡು ಮಿಲಿಮೋಲ್ ಆಸಿಡನ್ನು ತಟಸ್ಥ ಮಾಡುತ್ತದೆ. ಹಾಗಾದರೆ ಲೀಟರಿಗೆ 6 ಮಿಲಿಮೋಲ್.

```
ಆಸಿಡ್ : 0.01 × 10 = 0.10 mmol
90 mL ನೀರಿನ ಬೈಕಾರ್ಬನೇಟ್ : 0.006 × 90 = 0.54 mmol
```

ಆಸಿಡಿಗಿಂತ ಐದು ಪಟ್ಟು ಜಾಸ್ತಿ ಬೈಕಾರ್ಬನೇಟ್ ಆ ನೀರಿನಲ್ಲೇ ಇತ್ತು. ನಾವು ತೆಳು ಮಾಡುತ್ತಿದ್ದೇವೆ ಅಂದುಕೊಂಡೆವು, ನಡೆದದ್ದು ತಟಸ್ಥೀಕರಣ. ಆಸಿಡ್ ಪೂರ್ತಿ ಮುಗಿದು 0.44 ಮಿಲಿಮೋಲ್ ಬೈಕಾರ್ಬನೇಟ್ ಉಳಿದಿತ್ತು. ಪೇಪರ್ ಸರಿಯಾಗಿಯೇ ತೋರಿಸಿತ್ತು, ಮಕ್ಕಳ ಲೆಕ್ಕವೂ ಸರಿ ಇತ್ತು. ವರ್ಕ್‌ಶೀಟಿನಲ್ಲಿ "ನೀರು" ಎಂದು ಬರೆದಿದ್ದರೆ ಅದರ ಅರ್ಥ ಏನೂ ಕರಗಿರದ ನೀರು.

ಅದೇ ನಲ್ಲಿ ನೀರನ್ನು 0.10 M ಆಸಿಡಿಗೆ ಹಾಕಿದ್ದರೆ ಇಷ್ಟು ಗೊತ್ತಾಗುತ್ತಿರಲಿಲ್ಲ. 10 ಮಿಲೀಯಲ್ಲಿ 1.0 ಮಿಲಿಮೋಲ್ ಆಸಿಡ್, ಅದರಲ್ಲಿ 0.54 ಹೋಗಿ 0.46 ಉಳಿಯುತ್ತದೆ. 100 ಮಿಲೀಗೆ 0.0046 M, ಪಿಎಚ್ 2.34. ಲೆಕ್ಕದ 2.00ಕ್ಕೂ ಇದಕ್ಕೂ ಇರುವ ಅಂತರ ಪೇಪರಿನ ಬಣ್ಣದಲ್ಲಿ ಕಾಣುವುದು ಕಷ್ಟ. ಆದರೆ ಅರ್ಧಕ್ಕಿಂತ ಜಾಸ್ತಿ ಆಸಿಡ್ ಅಷ್ಟರಲ್ಲಿ ಹೋಗಿರುತ್ತದೆ. ಮುಂದಿನ ವಾರ ಡಿಸ್ಟಿಲ್ಡ್ ವಾಟರ್ ಬಂದ ಮೇಲೆ ಎರಡೂ ನೀರಿನಲ್ಲಿ ಪಕ್ಕಪಕ್ಕ ಮಾಡಿಸಿದೆ. ಒಂದು ಪೇಪರ್ ಕಿತ್ತಳೆ, ಇನ್ನೊಂದು ಹಸಿರು. ಮಕ್ಕಳು ಎರಡನ್ನೂ ರೆಕಾರ್ಡಿನಲ್ಲಿ ಅಂಟಿಸಿಕೊಂಡರು.